ಒಂಬತ್ತನೇ ಗೆರೆಯ ಕರಾರು
ನಿಸಾನ್ ಲೀಫ್ ಕಾರು ಅಮೆರಿಕಕ್ಕೆ ಬಂದಾಗ ಅದರ ಬ್ಯಾಟರಿಗೆ 8 ವರ್ಷ ಅಥವಾ 1 ಲಕ್ಷ ಮೈಲಿ, ಅಂದರೆ ಸುಮಾರು 1.6 ಲಕ್ಷ ಕಿಲೋಮೀಟರ್ ವಾರಂಟಿಯಿತ್ತು. ಆದರೆ ಅದು ತಯಾರಿಕೆಯ ದೋಷಕ್ಕೆ ಮಾತ್ರ. ಬ್ಯಾಟರಿ ನಿಧಾನವಾಗಿ ಸೊರಗಿದರೆ ಅದು ಸಹಜ ಸವೆತ, ಹೊಣೆ ಮಾಲೀಕರದ್ದೇ. ಅರಿಜೋನಾದ ಸುಡುಬಿಸಿಲಲ್ಲಿ ಓಡಿದ ಕಾರುಗಳ ಸಾಮರ್ಥ್ಯ ಬೇಗನೆ ಕುಸಿದು, ದೂರುಗಳು ಕೋರ್ಟಿನವರೆಗೂ ಹೋದ ಮೇಲೆ ಕಂಪನಿ ಹೊಸ ಷರತ್ತು ಸೇರಿಸಿತು: 5 ವರ್ಷ ಅಥವಾ 60,000 ಮೈಲಿಯೊಳಗೆ, ಬ್ಯಾಟರಿಯ ಸಾಮರ್ಥ್ಯ ತೋರಿಸುವ ಡ್ಯಾಶ್‌ಬೋರ್ಡಿನ 12 ಗೆರೆಗಳಲ್ಲಿ 9ಕ್ಕಿಂತ ಕಡಿಮೆ ಉಳಿದರೆ ದುರಸ್ತಿ. ಇಲ್ಲಿದ್ದ ‘ಅಥವಾ’ ಗ್ರಾಹಕರ ಪರವಾಗಿರಲಿಲ್ಲ; ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿಯೂ ಮುಗಿಯಿತು. ನಾಲ್ಕನೇ ವರ್ಷದಲ್ಲಿ 8 ಗೆರೆ ಉಳಿದರೂ ಓಡಿದ್ದು 61,000 ಮೈಲಿಯಾಗಿದ್ದರೆ ಏನೂ ಸಿಗುತ್ತಿರಲಿಲ್ಲ. ಐದು ವರ್ಷ ತುಂಬುವ ದಿನ ಸರಿಯಾಗಿ 9 ಗೆರೆ ಇದ್ದರಂತೂ ಬ್ಯಾಟರಿ ವಾರಂಟಿಯ ಕಣ್ಣಿಗೆ ಆರೋಗ್ಯವಾಗಿಯೇ ಇದ್ದಂತೆ! ಮೊದಲ ಗೆರೆ ಅಳಿಯಲು ಸಾಮರ್ಥ್ಯ ಸುಮಾರು ಶೇ 15 ಇಳಿಯಬೇಕು, ಆಮೇಲಿನವು ಚಿಕ್ಕವು. ಹಾಗಾಗಿ ಗೆರೆ ಎಣಿಸಿ ಶೇಕಡಾವಾರು ಊಹಿಸುವಂತಿಲ್ಲ. ಅರ್ಹತೆ ಸಿಕ್ಕಿದರೂ ಹೊಚ್ಚಹೊಸ ಬ್ಯಾಟರಿಯ ಭರವಸೆಯಿರಲಿಲ್ಲ: ಸಾಮರ್ಥ್ಯವನ್ನು ಮತ್ತೆ 9 ಗೆರೆಗೆ ತಂದುಕೊಟ್ಟರೆ ಕರಾರು ಪೂರೈಸಿದಂತಾಗುತ್ತಿತ್ತು.