ಜೀಪು ಹತ್ತಿದವರ ಲೆಕ್ಕ

ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವ ಹಳ್ಳಿಯ ಪದವೀಧರರಿಗೆ ಈಗ ಎಲ್ಲೆಡೆ ಸಿಗುವ ಸಲಹೆ ಒಂದೇ: ‘ನಿಮ್ಮ ಕಥೆ ಹೇಳಿ.’ ಅರ್ಜಿಯ ಜೊತೆ ಕೊಡಬೇಕಾದ ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಅಂದರೆ ಎಲ್ಲರೂ ಎಸ್‌ಒಪಿ ಎನ್ನುವ ಆ ಒಂದೆರಡು ಪುಟದ ಬರಹ, ಬಡತನದಲ್ಲಿ ಶುರುವಾಗಿ, ಆಸ್ಪತ್ರೆಯಲ್ಲಿ ಕಂಡ ಒಂದು ಸಾವಿನಲ್ಲಿ ತಿರುವು ಪಡೆದು, ಸೇವೆಯ ಸಂಕಲ್ಪದಲ್ಲಿ ಮುಗಿಯಬೇಕು ಎಂದು ಕೋಚಿಂಗ್ ಕೇಂದ್ರಗಳು ಕಲಿಸುತ್ತವೆ. ಈ ಸಲಹೆ ಹಳ್ಳಿಯ ವಿದ್ಯಾರ್ಥಿಯ ಕೈಯಲ್ಲಿರುವ ಒಂದೇ ಬಲವನ್ನು ಕಿತ್ತುಕೊಳ್ಳುತ್ತದೆ ಎಂಬುದು ನನ್ನ ವಾದ. ಆಯ್ಕೆ ಸಮಿತಿಯ ಮುಂದೆ ಸಂಕಟದ ಕಥೆಗಳು ನೂರು ಬರುತ್ತವೆ. ತನ್ನ ಊರಿನ ಕಾಯಿಲೆಯ ಲೆಕ್ಕ ಯಾವ ಜಾಗದಲ್ಲಿ ತಪ್ಪಿಹೋಗುತ್ತಿದೆ ಎಂದು ಬೆರಳಿಟ್ಟು ತೋರಿಸುವ ಅರ್ಜಿ ಅಪರೂಪ. ಅಂಥದ್ದನ್ನು ಬರೆಯಲು ನಗರದ ವಿದ್ಯಾರ್ಥಿಗಿಂತ ಹಳ್ಳಿಯವರಿಗೇ ಹೆಚ್ಚು ಅನುಕೂಲವಿದೆ.

ತಮಿಳುನಾಡಿನ ತೇನಿ ಜಿಲ್ಲೆಯ ಓಡೈಪಟ್ಟಿಯನ್ನೇ ತೆಗೆದುಕೊಳ್ಳೋಣ. ಬೀಜವಿಲ್ಲದ ದ್ರಾಕ್ಷಿಗೆ ಹೆಸರಾದ ಊರು. ಸುತ್ತಲಿನ ಕಂಬಂ ಕಣಿವೆಯ ಕಪ್ಪಿಲಿಯರ ಮನೆಗಳಲ್ಲಿ ಇಂದಿಗೂ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ತಮಿಳು ಓದುತ್ತಾರೆ. ಹತ್ತಿರದ ಉತ್ತಮಪಾಳಯದಲ್ಲಿ 1956ರಲ್ಲಿ ಶುರುವಾದ ಕಾಲೇಜು ಇದೆ. ಅಂಥ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ ಹುಡುಗಿಯೊಬ್ಬಳು ಎಸ್‌ಒಪಿ ಬರೆಯಲು ಕೂತಿದ್ದಾಳೆ ಎಂದುಕೊಳ್ಳಿ. ಅವಳ ಕಣ್ಣೆದುರಿಗೇ ಒಂದು ವಿಷಯವಿದೆ. ಈ ಕಣಿವೆಯ ಊರುಗಳಿಂದ ಕೂಲಿ ಹೆಂಗಸರು ಬೆಳ್ಳಂಬೆಳಿಗ್ಗೆ ಜೀಪು ಹತ್ತಿ, ಕುಮಿಳಿ, ಕಂಬಂ ಮೆಟ್ಟು, ಬೋಡಿ ಮೆಟ್ಟು ದಾರಿಗಳಲ್ಲಿ ಘಟ್ಟ ಏರಿ, ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗುತ್ತಾರೆ. ಸಂಜೆ ಅದೇ ಜೀಪಿನಲ್ಲಿ ಇಳಿಯುತ್ತಾರೆ. ಏಲಕ್ಕಿಗೆ ಥ್ರಿಪ್ಸ್ ಮತ್ತು ಕಾಯಿಕೊರಕದ ಕಾಟ ಜಾಸ್ತಿ. ಅದಕ್ಕಾಗಿ ವರ್ಷದಲ್ಲಿ ಮತ್ತೆ ಮತ್ತೆ ಕ್ವಿನಾಲ್‌ಫಾಸ್‌ನಂಥ ಆರ್ಗನೊಫಾಸ್ಫೇಟ್ ಔಷಧಿ ಹೊಡೆಯುತ್ತಾರೆ. ಹೊಡೆಯುವವರು ಹೆಚ್ಚಾಗಿ ಗಂಡಸರು. ಆದರೆ ಔಷಧಿ ಇನ್ನೂ ಎಲೆಯ ಮೇಲಿರುವಾಗಲೇ ಗಿಡದ ಬುಡಕ್ಕೆ ಬಗ್ಗಿ ಕಾಯಿ ಬಿಡಿಸುವವರು, ಕಳೆ ಕೀಳುವವರು ಹೆಂಗಸರು. ಆರ್ಗನೊಫಾಸ್ಫೇಟ್ ಗುಂಪಿನ ವಿಷ ನರಗಳನ್ನು ತಟ್ಟುತ್ತದೆ. ಸ್ವಲ್ಪ ಮೈಗೆ ಹೋದರೆ ತಲೆನೋವು, ತಲೆಸುತ್ತು, ವಾಕರಿಕೆ, ಬೆವರು, ಕಣ್ಣು ಮಂಜು. ಇವು ಯಾರಿಗಾದರೂ ಯಾವ ಕಾರಣಕ್ಕಾದರೂ ಬರಬಹುದಾದ ತೊಂದರೆಗಳೇ. ಸಮಸ್ಯೆಯ ಗಂಟು ಇರುವುದು ಅಲ್ಲಿಯೇ.

ಆ ಹೆಂಗಸು ಸಂಜೆ ಊರಿನ ಆರೋಗ್ಯ ಕೇಂದ್ರಕ್ಕೆ ಹೋದರೆ ನೋಂದಣಿ ಪುಸ್ತಕದಲ್ಲಿ ‘ತಲೆಸುತ್ತು’ ಎಂದೋ ‘ಹೊಟ್ಟೆನೋವು’ ಎಂದೋ ಬರೆದುಕೊಳ್ಳುತ್ತಾರೆ. ಬೆಳಿಗ್ಗೆ ಯಾವ ತೋಟದಲ್ಲಿ ಏನು ಕೆಲಸ ಮಾಡಿದಳು ಎಂದು ಬರೆಯಲು ಅಲ್ಲಿ ಕಾಲಮ್ಮೇ ಇರುವುದಿಲ್ಲ. 2004ರಲ್ಲಿ ಶುರುವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ವರದಿ ಹೋಗುತ್ತದೆ. ಆದರೆ ಕೆಳಹಂತದ ಆರೋಗ್ಯ ಕಾರ್ಯಕರ್ತೆ ತುಂಬುವ ಫಾರಂ ಜ್ವರ, ಕೆಮ್ಮು, ಭೇದಿ, ಕಾಮಾಲೆಯಂಥ ಲಕ್ಷಣಗಳಿಗಾಗಿ, ಸಾಂಕ್ರಾಮಿಕ ಕಾಯಿಲೆ ಹಿಡಿಯಲೆಂದು ಮಾಡಿದ್ದು. ತಲೆಸುತ್ತು ಅದರ ಬಲೆಗೆ ಬೀಳುವುದಿಲ್ಲ. ದೊಡ್ಡಾಸ್ಪತ್ರೆಗೆ ಬರುವ ವಿಷದ ಪ್ರಕರಣಗಳಲ್ಲಿ ಎದ್ದು ಕಾಣುವುದು ಆತ್ಮಹತ್ಯೆಗೆ ಕುಡಿದವು. ಕೆಲಸದಲ್ಲಿ ಮೈಗೆ ಹತ್ತಿದ್ದು ಅವುಗಳ ನೆರಳಿನಲ್ಲಿ ಮುಚ್ಚಿಹೋಗುತ್ತದೆ. ಇದಕ್ಕೆ ರಾಜ್ಯದ ಗಡಿ ಸೇರಿಕೊಂಡಿದೆ. ವಿಷ ಸೋಕಿದ್ದು ಇಡುಕ್ಕಿಯಲ್ಲಿ, ಚಿಕಿತ್ಸೆ ಪಡೆದದ್ದು ತೇನಿಯಲ್ಲಿ. ಇಡುಕ್ಕಿಯವರ ಲೆಕ್ಕದಲ್ಲಿ ಆ ರೋಗಿ ಇಲ್ಲ, ತೇನಿಯವರ ಲೆಕ್ಕದಲ್ಲಿ ಆ ತೋಟ ಇಲ್ಲ. ಅಂಶ ಒಂದು ಜಿಲ್ಲೆಯಲ್ಲಿ, ಛೇದ ಇನ್ನೊಂದರಲ್ಲಿ. ಎರಡನ್ನೂ ಒಂದೆಡೆ ಸೇರಿಸದೆ ‘ನೂರು ಕೂಲಿಯವರಲ್ಲಿ ಎಷ್ಟು ಮಂದಿಗೆ’ ಎಂಬ ಸಂಖ್ಯೆ ಹುಟ್ಟುವುದೇ ಇಲ್ಲ. ಆ ಸಂಖ್ಯೆ ಇಲ್ಲದಿದ್ದರೆ ಯಾವ ಇಲಾಖೆಯೂ ಕೈಕವಚಕ್ಕೆ ದುಡ್ಡು ಕೊಡುವುದಿಲ್ಲ, ಔಷಧಿ ಹೊಡೆದ ಎಷ್ಟು ದಿನಕ್ಕೆ ಕೂಲಿಯವರನ್ನು ತೋಟಕ್ಕೆ ಬಿಡಬೇಕೆಂದು ಕೇಳುವುದಿಲ್ಲ.

ಇಷ್ಟನ್ನು ಬರೆದರೆ ಅರ್ಧ ಎಸ್‌ಒಪಿ ಆಯಿತು. ‘ಬಾಲ್ಯದಿಂದಲೂ ಬಡವರ ಸೇವೆ ಮಾಡಬೇಕೆಂಬ ಹಂಬಲ ನನಗಿತ್ತು’ ಎಂಬ ಮೊದಲ ಸಾಲನ್ನು ತೆಗೆದು, ‘ನಮ್ಮ ಬೀದಿಯಿಂದ ಏಲಕ್ಕಿ ತೋಟಕ್ಕೆ ಹೋಗಿ ಬಂದ ಹೆಂಗಸಿಗೆ ಸಂಜೆ ತಲೆಸುತ್ತು ಬಂದರೆ, ಅದು ಯಾವ ಜಿಲ್ಲೆಯ ಲೆಕ್ಕಕ್ಕೂ ಸೇರುವುದಿಲ್ಲ’ ಎಂದು ಬರೆದು ನೋಡಿ. ಮೊದಲಿನದನ್ನು ಯಾರು ಬೇಕಾದರೂ ಬರೆಯಬಹುದು. ಎರಡನೆಯದನ್ನು ಆ ಬೀದಿಯವರೇ ಬರೆಯಬೇಕು.

ಇನ್ನರ್ಧ ಭಾಗ ಕಷ್ಟದ್ದು. ಪ್ರಶ್ನೆ ಸಿಕ್ಕ ಮೇಲೆ ಉತ್ತರ ಹೇಗೆ ಹುಡುಕುತ್ತೇನೆ, ಎಲ್ಲಿ ಎಡವುತ್ತೇನೆ ಎಂದು ಅಲ್ಲಿ ತೋರಿಸಬೇಕು. ಮೊದಲಿಗೆ ಹೊಳೆಯುವುದು ಹೋಲಿಕೆ: ಘಟ್ಟ ಹತ್ತುವವರನ್ನು ಊರಿನಲ್ಲೇ ಉಳಿದು ದ್ರಾಕ್ಷಿ ತೋಟದಲ್ಲಿ ದುಡಿಯುವವರ ಜೊತೆ ಇಟ್ಟು ನೋಡುವುದು. ಆದರೆ ದ್ರಾಕ್ಷಿಗೂ ಬೂಷ್ಟು ರೋಗಕ್ಕೆ ಔಷಧಿ ಹೊಡೆಯುತ್ತಾರೆ, ಕೀಟಕ್ಕೂ ಹೊಡೆಯುತ್ತಾರೆ. ಎರಡೂ ಕಡೆ ವಿಷವಿದ್ದರೆ ವ್ಯತ್ಯಾಸ ಕಾಣದೆ ‘ಏಲಕ್ಕಿಯಿಂದ ಏನೂ ತೊಂದರೆಯಿಲ್ಲ’ ಎಂಬ ತಪ್ಪು ಉತ್ತರ ಬರುತ್ತದೆ. ಹಾಗಾದರೆ ತೋಟಕ್ಕೇ ಹೋಗದವರನ್ನು ಹೋಲಿಸೋಣವೆಂದರೆ ಇನ್ನೊಂದು ತೊಡಕು. ಮೈಯಲ್ಲಿ ಶಕ್ತಿ ಇರುವವರು ಮಾತ್ರ ದಿನಾ ಘಟ್ಟ ಹತ್ತುತ್ತಾರೆ. ತಲೆಸುತ್ತು ತಾಳಲಾರದವರು ಕೆಲಸ ಬಿಟ್ಟು ಮನೆಯಲ್ಲಿ ಕೂತಿರುತ್ತಾರೆ. ಜೀಪಿನಲ್ಲಿರುವವರನ್ನಷ್ಟೇ ಕೇಳಿದರೆ ಅವರೇ ಊರಿನಲ್ಲಿ ಹೆಚ್ಚು ಆರೋಗ್ಯವಂತರಾಗಿ ಕಾಣುತ್ತಾರೆ. ಅದಕ್ಕಾಗಿ ಕೆಲಸ ಬಿಟ್ಟವರನ್ನೂ ಮನೆಮನೆಗೆ ಹೋಗಿ ಹುಡುಕಬೇಕು. ದುಡ್ಡಿಲ್ಲದ ವಿದ್ಯಾರ್ಥಿಗೆ ಎಟುಕುವ ಇನ್ನೊಂದು ದಾರಿಯಿದೆ: ಒಬ್ಬಳೇ ಹೆಂಗಸಿನ ಎರಡು ದಿನಗಳನ್ನು ಹೋಲಿಸುವುದು. ಹಿಂದಿನ ದಿನ ಔಷಧಿ ಹೊಡೆದ ತೋಟದಲ್ಲಿ ದುಡಿದ ಸಂಜೆ ಅವಳಿಗೆ ಏನಾಯಿತು, ಹೊಡೆಯದ ತೋಟದಲ್ಲಿ ದುಡಿದ ಸಂಜೆ ಏನಾಯಿತು? ವಯಸ್ಸು, ಊಟ, ಬಡತನ, ಜೀಪಿನ ಕುಲುಕಾಟ ಎಲ್ಲವೂ ಎರಡೂ ದಿನ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅವು ಲೆಕ್ಕವನ್ನು ಅಷ್ಟಾಗಿ ಕೆಡಿಸುವುದಿಲ್ಲ. ಇದರಲ್ಲೂ ದೋಷವಿದೆ. ಔಷಧಿಯ ವಾಸನೆ ಬಂದ ದಿನ ತಲೆನೋವು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ರಕ್ತದ ಕೊಲಿನೆಸ್ಟರೇಸ್ ಪರೀಕ್ಷೆ ಮಾಡಿದರೆ ನೆನಪಿನ ಮೇಲೆ ಅವಲಂಬಿಸಬೇಕಿಲ್ಲ. ಆದರೆ ಆ ಮಟ್ಟ ಒಬ್ಬರಿಂದ ಒಬ್ಬರಿಗೆ ಬೇರೆಯಾಗಿರುವುದರಿಂದ, ವಿಷ ಸೋಕುವ ಮೊದಲು ಅವಳದೇ ಮಟ್ಟ ಎಷ್ಟಿತ್ತೆಂದು ಗೊತ್ತಿರಬೇಕು. ಅಂಥ ಪರೀಕ್ಷೆಗೆ ನೈತಿಕ ಸಮಿತಿಯ ಅನುಮತಿಯೂ ಪ್ರಯೋಗಾಲಯವೂ ಬೇಕು. ಅರ್ಜಿದಾರಳು ‘ಇದನ್ನು ನಾನು ಈಗ ಮಾಡಲಾರೆ, ಇದನ್ನು ಕಲಿಯಲೆಂದೇ ನಿಮ್ಮಲ್ಲಿಗೆ ಬರುತ್ತಿದ್ದೇನೆ’ ಎಂದು ಬರೆಯಬೇಕಾದ ಜಾಗ ಇದು. ‘ಪರ್ಪಸ್’ ಎಂದು ಕೇಳುವವರು ಕೇಳುವುದು ಇದನ್ನೇ.

ಊರಿನವರ ಕಣ್ಣಿಗೆ ಕಂಡದ್ದು ವಿಜ್ಞಾನವಾಗಲು ಹೋಲಿಕೆ ಎಷ್ಟು ಮುಖ್ಯ ಎಂಬುದಕ್ಕೆ ಕನ್ನಡ ನೆಲದಲ್ಲೇ ಉದಾಹರಣೆಯಿದೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವವರಲ್ಲಿ ನರದ ಕಾಯಿಲೆಗಳೂ ಹುಟ್ಟಿನಿಂದ ಬಂದ ಊನಗಳೂ ಅಸಹಜವಾಗಿ ಹೆಚ್ಚಿವೆ ಎಂದು ಗಮನಿಸಿದರು. ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಗಿನ ಜಗತ್ತಿಗೆ ಮುಟ್ಟಿಸಿದರು. ವರ್ಷಗಟ್ಟಲೆ ಅವರ ಮಾತನ್ನು ಊರಿನ ಅನುಮಾನ ಎಂದು ತಳ್ಳಿಹಾಕಲು ಸಾಧ್ಯವಾಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿಗೆ ಬಂದಾಗ ಮಾಡಿದ ಕೆಲಸ ಮೇಲುನೋಟಕ್ಕೆ ಸರಳ: ಸಿಂಪಡಣೆಯ ಕೆಳಗಿದ್ದ ಊರಿನ 117 ಗಂಡುಮಕ್ಕಳನ್ನು, ಸಿಂಪಡಣೆ ಕಾಣದ ಕಡೆಯ 90 ಗಂಡುಮಕ್ಕಳ ಜೊತೆ ಇಟ್ಟು ನೋಡುವುದು. ಮೊದಲ ಗುಂಪಿನಲ್ಲಿ ಪ್ರೌಢತೆ ತಡವಾಗುತ್ತಿದೆ ಎಂದು 2003ರಲ್ಲಿ ಪ್ರಕಟವಾಯಿತು. ತಕರಾರುಗಳು ಬಂದವು, ಬರಲೇಬೇಕು. ಆದರೆ ಆಮೇಲೆ ತಕರಾರು ಸಂಖ್ಯೆಯ ಮೇಲೆ ನಡೆಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶದಲ್ಲೆಲ್ಲ ತಡೆಯಿತು. ಪಡ್ರೆಯ ವೈದ್ಯರು ನೋಡದಿದ್ದರೆ ಆ 117 ಮಕ್ಕಳನ್ನು ಯಾರೂ ಎಣಿಸುತ್ತಿರಲಿಲ್ಲ. ಆ 90 ಮಕ್ಕಳನ್ನು ಎಣಿಸದಿದ್ದರೆ ವೈದ್ಯರು ನೋಡಿದ್ದು ಕೋರ್ಟಿನ ತನಕ ಹೋಗುವುದು ಕಷ್ಟವಿತ್ತು. ಓಡೈಪಟ್ಟಿಯ ಹುಡುಗಿ ಮೊದಲಿನದನ್ನು ಆಗಲೇ ಮಾಡಿದ್ದಾಳೆ, ಎರಡನೆಯದನ್ನು ಕಲಿಸಿ ಎನ್ನುತ್ತಿದ್ದಾಳೆ.

ನನ್ನ ಈ ವಾದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಇಂಥ ಪ್ರಶ್ನೆ ಕಟ್ಟಲು ಮಾರ್ಗದರ್ಶಕರು ಬೇಕು, ಲೈಬ್ರರಿ ಬೇಕು. ಅವು ನಗರದ ಕಾಲೇಜಿನಲ್ಲಿವೆ, ತಾಲ್ಲೂಕು ಕಾಲೇಜಿನಲ್ಲಿಲ್ಲ. ಕಥೆಯಾದರೆ ಎಲ್ಲರ ಬಳಿಯೂ ಇದೆ. ಹಾಗಾಗಿ ಕಥೆಯನ್ನು ಕೇಳುವುದೇ ನ್ಯಾಯ, ಪ್ರಶ್ನೆಯನ್ನು ಕೇಳುವುದು ಉಳ್ಳವರಿಗೆ ಅನುಕೂಲ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ, ಕೊಲಿನೆಸ್ಟರೇಸ್ ಎಂಬ ಹೆಸರೇ ಬಿ.ಎಸ್ಸಿ. ಪಠ್ಯದಲ್ಲಿ ಬಂದಿರಲಿಕ್ಕಿಲ್ಲ. ಆದರೆ ಜೀಪಿನಲ್ಲಿ ಯಾರು ಹೋಗುತ್ತಾರೆ, ಯಾರು ಹೋಗುವುದನ್ನು ಬಿಟ್ಟರು, ಬಿಟ್ಟದ್ದು ಯಾಕೆ ಎಂಬುದಕ್ಕೆ ಲೈಬ್ರರಿ ಬೇಡ. ಕೆಲಸ ಬಿಟ್ಟು ಮನೆಯಲ್ಲಿ ಕೂತವರನ್ನು ಮರೆಯಬಾರದೆಂಬ ಪಾಠವನ್ನು ನಗರದ ವಿದ್ಯಾರ್ಥಿ ಪುಸ್ತಕದಿಂದ ಕಲಿಯುತ್ತಾನೆ. ಇವಳಿಗೆ ಅವರ ಮನೆಯೇ ಗೊತ್ತು. ಅವರ ಜೊತೆ ಕನ್ನಡದಲ್ಲೋ ತಮಿಳಿನಲ್ಲೋ ಜಗಲಿಯ ಮೇಲೆ ಕೂತು ಮಾತಾಡಲೂ ಬರುತ್ತದೆ. ಇನ್ನು ಕಥೆ ಎಲ್ಲರ ಬಳಿಯೂ ಇದ್ದರೂ ಅದನ್ನು ಹೊಳಪಾದ ಇಂಗ್ಲಿಷಿನಲ್ಲಿ ಹೇಳುವ ಕಲೆ ಎಲ್ಲರ ಬಳಿ ಇಲ್ಲ. ಭಾವನೆಯನ್ನು ಪರಭಾಷೆಯಲ್ಲಿ ಹೇಳುವುದಕ್ಕಿಂತ, ಯಾರು, ಎಲ್ಲಿ, ಎಷ್ಟು ಎಂದು ಹೇಳುವುದು ಸುಲಭ. ದುಡ್ಡು ಕೊಟ್ಟು ಎಸ್‌ಒಪಿ ಬರೆಸಿಕೊಳ್ಳಿ ಎನ್ನುವವರಿಗೆ ಉತ್ತರ ಕೊಡುವ ಅಗತ್ಯವಿಲ್ಲ.

ಎಸ್‌ಒಪಿಯನ್ನೇ ರದ್ದು ಮಾಡಿ, ಪ್ರವೇಶ ಪರೀಕ್ಷೆಯೊಂದೇ ಸಾಕು ಎಂಬ ವಾದ ಆ ಆಕ್ಷೇಪಕ್ಕಿಂತ ತೂಕದ್ದು. ಪರೀಕ್ಷೆಯಲ್ಲಿ ಶಿಫಾರಸು ನಡೆಯುವುದಿಲ್ಲ, ಸೊಗಸಾದ ಇಂಗ್ಲಿಷಿಗೆ ಅಂಕ ಬೀಳುವುದಿಲ್ಲ. ಆದರೆ ಬಹು ಆಯ್ಕೆಯ ಪ್ರಶ್ನೆಯಲ್ಲಿ ‘ಎರಡು ಜಿಲ್ಲೆಗಳ ನಡುವೆ ಕಳೆದುಹೋದ ರೋಗಿ’ಯ ಬಗ್ಗೆ ಕೇಳಲಾಗದು. ಇದಕ್ಕೆ ಪರಿಹಾರ ಎಸ್‌ಒಪಿಯಲ್ಲಿ ಏನು ಕೇಳುತ್ತೇವೆ ಎಂಬುದನ್ನು ಬದಲಿಸುವುದರಲ್ಲಿದೆ. ‘ಈ ಕೋರ್ಸು ನಿಮಗೆ ಯಾಕೆ ಬೇಕು’ ಎಂದು ಕೇಳುವ ಶಾಲೆಗೆ ಹಂಬಲದ ಕಥೆಗಳೇ ಬರುತ್ತವೆ. ‘ನಿಮ್ಮ ಊರಿನಲ್ಲಿ ಎಣಿಕೆಗೆ ಸಿಗದ ಒಂದು ಕಾಯಿಲೆಯನ್ನು ಹೇಳಿ, ಅದು ಯಾಕೆ ಸಿಗುತ್ತಿಲ್ಲ ಬರೆಯಿರಿ’ ಎಂದು ಕೇಳಿ, ಉತ್ತರವನ್ನು ತಮಿಳಿನಲ್ಲೋ ಕನ್ನಡದಲ್ಲೋ ಬರೆಯಲು ಬಿಟ್ಟರೆ, ಕಾಸರಗೋಡಿನ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಂಥ ಗಡಿನಾಡಿನ ಸಂಸ್ಥೆಗಳಿಗಾದರೂ ಓದಿ ಅಳೆಯುವ ಅಧ್ಯಾಪಕರು ಸಿಗುವುದು ಕಷ್ಟವಾಗಲಾರದು. ಅಲ್ಲಿಯವರೆಗೆ ಶಾಲೆ ಕೇಳಿದ ಪ್ರಶ್ನೆಗೇ ಅರ್ಜಿದಾರಳು ಉತ್ತರ ಬರೆಯಬೇಕು. ತನ್ನ ಬದುಕಿಗೆ ಒಂದು ಪ್ಯಾರಾ ಕೊಟ್ಟರೆ ಸಾಕು, ಅದೂ ಆ ಜೀಪಿನ ವಿಷಯ ತನಗೆ ಹೇಗೆ ಗೊತ್ತಾಯಿತು ಎಂದು ಹೇಳುವಷ್ಟಕ್ಕೆ. ಉಳಿದ ಜಾಗವೆಲ್ಲ ಘಟ್ಟ ಹತ್ತಿ ಇಳಿಯುವ ಹೆಂಗಸರದ್ದು.