ಆ್ಯಪು ಕೆಡಿಸಿದ ಚಿತ್ರ, ಕಡಿತವಾದ ಹಣ

ಮಗಳ ಚಿತ್ರವನ್ನು ತಿದ್ದಲು ಕೊಟ್ಟರೆ ಆ್ಯಪು ಹಾಲುಹಲ್ಲಿನ ನಗೆಗೆ ದೊಡ್ಡವರ ಹಲ್ಲುಗಳನ್ನು ಜೋಡಿಸಿತು. ನೊಂದ ತಾಯಿ ಆ್ಯಪನ್ನು ಅಳಿಸಿದರು. ಆದರೂ ಉಚಿತ ಅವಧಿ ಮುಗಿದೊಡನೆ 1,499 ರೂಪಾಯಿ ವಾರ್ಷಿಕ ಚಂದಾ ಕಡಿತವಾಯಿತು. ಆ್ಯಪನ್ನು ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲದು. ಪ್ಲೇ ಸ್ಟೋರಿನಲ್ಲಿ ಅದನ್ನು ಪ್ರತ್ಯೇಕವಾಗಿ ರದ್ದುಪಡಿಸಬೇಕು. 48 ಗಂಟೆಗಳೊಳಗಾದರೆ ಮರುಪಾವತಿಯನ್ನು ಗೂಗಲಿನಿಂದಲೇ ಕೋರಬಹುದಿತ್ತು. ಆ ಅವಧಿ ಮೀರಿದ್ದರಿಂದ ಅವರು ಆ್ಯಪಿನ ಸಹಾಯ ವಿಭಾಗಕ್ಕೆ ಹೀಗೆ ಬರೆದರು:

“ಮಾನ್ಯರೇ, GPA ಎಂದು ಆರಂಭವಾಗುವ ಆರ್ಡರ್ ಸಂಖ್ಯೆಯುಳ್ಳ ರಸೀದಿಯನ್ನು ಲಗತ್ತಿಸಿದ್ದೇನೆ. ‘ಉಚಿತ’ ಎಂಬುದು ದಪ್ಪಕ್ಷರದಲ್ಲಿತ್ತು, ಚಂದಾ ಮೊತ್ತ ಕಣ್ಣಿಗೆ ಬೀಳದಷ್ಟು ಸಣ್ಣದಾಗಿತ್ತು. ಭರವಸೆಯಿತ್ತ ಸೇವೆಯೂ ದೊರೆಯಲಿಲ್ಲ. ಹಣವನ್ನು ಮರಳಿಸಿರಿ, ಮಗುವಿನ ಮೂಲಚಿತ್ರವನ್ನೂ ವಿಕೃತ ಪ್ರತಿಯನ್ನೂ ನಿಮ್ಮ ಸರ್ವರಿನಿಂದ ಅಳಿಸಿ, ಹಾಗೆಂದು ಲಿಖಿತವಾಗಿ ತಿಳಿಸಿರಿ.”

ಸಾಕ್ಷಿಗೆಂದು ಅವರು ಕಳುಹಿಸಿದ್ದು ಬಾಯಿಯ ಭಾಗವನ್ನಷ್ಟೇ ಕತ್ತರಿಸಿದ ಚಿತ್ರ. ಅಳಿಸಿರೆಂದು ಕೇಳುವ ಮುಖವನ್ನು ಮತ್ತೊಮ್ಮೆ ಏಕೆ ಕಳುಹಿಸಬೇಕು?