ಮಾಕಪ್‌ನ ಮಡಿಕೆ ನೋಡಿ ದುಡ್ಡು ಕೊಡಬೇಡಿ

1/6
ಈ ಸರಣಿಗೆ ಕಾರಣ 64 ಟೀ ಶರ್ಟು. ಕಾಲೇಜ್ ಫೆಸ್ಟ್‌ಗೆ ಅಂತ ನಮ್ಮ ಸೆಕ್ಷನ್‌ನವರೇ ಸೇರಿ ಮಾಡಿಸಿದ್ದು. ಒಂದಕ್ಕೆ 350 ರೂಪಾಯಿ, ಒಟ್ಟು 22,400. ಡಿಸೈನ್ ನಂದೇ, ಗ್ರೂಪಲ್ಲಿ ಹಾಕಿದ ಮಾಕಪ್ಪೂ ನಂದೇ. ಮರೂನ್ ಬಟ್ಟೆ, ಎದೆ ಮೇಲೆ ದೊಡ್ಡ ಬಿಳಿ ವೃತ್ತ, ಅದರೊಳಗೆ ನಮ್ಮ ಬ್ಯಾಚ್ ಹೆಸರು. ಬಟ್ಟೆಯ ಮಡಿಕೆ ಬಂದ ಕಡೆಯೆಲ್ಲ ವೃತ್ತವೂ ಮೆತ್ತಗೆ ಬಾಗಿತ್ತು. "ಮಗಾ, ಬೆಂಕಿ!" ಅಂತ ಅರ್ಧ ಗಂಟೇಲಿ ಎಲ್ರೂ ದುಡ್ಡು ಕಳಿಸಿದ್ರು.

ಶರ್ಟ್ ಬಂತು. ಎದೆ ಮೇಲೆ ರೆಕ್ಸಿನ್ ತುಂಡು ಅಂಟಿಸಿದ ಹಾಗಿತ್ತು. ಬಾಗೋದಿಲ್ಲ, ಗಾಳಿ ಆಡೋದಿಲ್ಲ. ಫೆಸ್ಟ್ ದಿನ ಮಧ್ಯಾಹ್ನಕ್ಕೆ ಆ ವೃತ್ತದ ಹಿಂದೆ ಬೆವರಿಳೀತಿತ್ತು. ಪ್ರಿಂಟ್ ಹಾಕಿದ ಅಣ್ಣನ ಜೊತೆ ಜಗಳಕ್ಕೆ ಹೋದೆ. ಅವರು ಒಂದೇ ಮಾತು ಹೇಳಿದ್ರು: "ನೀನು ಕೊಟ್ಟ ಫೈಲನ್ನೇ ಹೊಡೆದಿದ್ದೀನಪ್ಪ. ಆ ಫೋಟೋ ನನ್ನ ಕೇಳಿ ಮಾಡಿದ್ಯಾ?"

ಕೇಳಿರಲಿಲ್ಲ. ಹಾಗಾಗಿ ಈ ಜಗಳ ನನ್ನ ಮೇಲೇ ಶುರು. ಆಮೇಲೆ ನಿಮ್ಮೆಲ್ಲರ ಮೇಲೆ.

2/6
ಮೊದಲು ಆ ಮಡಿಕೆ ಎಲ್ಲಿಂದ ಬರುತ್ತೆ ಅಂತ ನೋಡಿ. ಯಾರೂ ಆ ಶರ್ಟ್ ಹಾಕ್ಕೊಂಡು ನಿಂತಿಲ್ಲ. ಖಾಲಿ ಶರ್ಟಿನ ಒಂದು ಫೋಟೋ ಇರುತ್ತೆ. ಅದರ ಕಪ್ಪು-ಬಿಳುಪು ಪ್ರತಿ ಮಾಡಿ, ಸ್ವಲ್ಪ ಮಸುಕು ಮಾಡಿ, ಬೇರೆ ಫೈಲಾಗಿ ಇಟ್ಕೋಬೇಕು. ಫೋಟೋಶಾಪಲ್ಲಿ ನಮ್ಮ ಡಿಸೈನ್ ಆರಿಸಿ Filter > Distort > Displace ಒತ್ತಿ, ಆ ಫೈಲ್ ತೋರಿಸಿದ್ರೆ ಆಯ್ತು. ಫೈಲಲ್ಲಿ ಎಲ್ಲಿ ಮಧ್ಯಮ ಬೂದು ಇದೆಯೋ ಅಲ್ಲಿ ಡಿಸೈನ್ ಅಲುಗಾಡಲ್ಲ. ಅದಕ್ಕಿಂತ ತಿಳಿಯಾದ ಕಡೆ ಒಂದು ದಿಕ್ಕಿಗೆ, ಕಪ್ಪಾದ ಕಡೆ ಇನ್ನೊಂದು ದಿಕ್ಕಿಗೆ ಸರಿಯುತ್ತೆ. ಮಡಿಕೆಯ ನೆರಳು ಕಪ್ಪು, ಉಬ್ಬು ತಿಳಿ. ಹಾಗಾಗಿ ಗೆರೆಗಳು ಮಡಿಕೆ ಹಿಡಿದು ಬಾಗಿದ ಹಾಗೆ ಕಾಣುತ್ತೆ. ಸಂಖ್ಯೆ 5ರಿಂದ 10ರ ಒಳಗಿದ್ರೆ ನಂಬೋ ಹಾಗಿರುತ್ತೆ. 30 ಕೊಟ್ರೆ ಅಕ್ಷರ ನೀರಲ್ಲಿ ನೋಡಿದ ಹಾಗೆ ನಡುಗುತ್ತೆ.

ಈ ಕೆಲಸ ನಾನು ಚೆನ್ನಾಗೇ ಮಾಡಿದ್ದೆ. ತೊಂದರೆಯೂ ಅದೇ. ಕಂಪ್ಯೂಟರ್ ಬಾಗಿಸಿದ್ದು ಬರೀ ಚಿತ್ರನ. ಆ ಚಿತ್ರವನ್ನ ಯಾವ ಶಾಯೀಲಿ ಹೊಡೀತಾರೆ, ಅದು ಎಷ್ಟು ದಪ್ಪ, ಬಾಗುತ್ತೋ ಇಲ್ವೋ ಅಂತ ಅದಕ್ಕೇನು ಗೊತ್ತು? ನಮಗೆ ಹಾಕಿದ್ದು ಡಿಟಿಎಫ್ ಪ್ರಿಂಟ್. ಪ್ಲಾಸ್ಟಿಕ್ ಹಾಳೆ ಮೇಲೆ ಬಣ್ಣ, ಅದರ ಮೇಲೆ ಬಿಳಿ ಶಾಯಿ ಹೊಡೆದು, ಅಂಟಿನ ಪುಡಿ ಉದುರಿಸಿ, ಬಿಸಿ ಮಾಡಿ, ಶರ್ಟಿಗೆ ಒತ್ತುತ್ತಾರೆ. ಹಾಳೆ ಕಿತ್ತರೂ ಶಾಯಿ ಮತ್ತು ಅಂಟು ಸೇರಿದ ತೆಳು ಚರ್ಮ ಬಟ್ಟೆ ಮೇಲೆ ಉಳಿಯುತ್ತೆ. ಸಣ್ಣ ಅಕ್ಷರಕ್ಕೆ ಅದು ಗೊತ್ತೇ ಆಗಲ್ಲ. ನಂದು 12 ಇಂಚಿನ ತುಂಬು ವೃತ್ತ. ಅಷ್ಟಗಲದ ಚರ್ಮ ಹತ್ತಿಬಟ್ಟೆ ಹಾಗೆ ಸಣ್ಣ ಸಣ್ಣ ಮಡಿಕೆ ಬೀಳಲ್ಲ, ಒಟ್ಟಿಗೇ ಮುರಿದು ನಿಲ್ಲುತ್ತೆ.

ಮಡಿಕೆ ಎಷ್ಟು ಚೆನ್ನಾಗಿ ಕೂತಿತ್ತೋ, ನನ್ನ ಸುಳ್ಳು ಅಷ್ಟು ದೊಡ್ಡದಾಗಿತ್ತು.

3/6
ಎರಡನೇ ಸುಳ್ಳು ಇನ್ನೂ ಚಿಕ್ಕ ಜಾಗದಲ್ಲಿತ್ತು: ಬ್ಲೆಂಡ್ ಮೋಡ್.

ಎಲ್ಲಾ ಟ್ಯುಟೋರಿಯಲ್‌ಗಳೂ ಹೇಳೋದು, "ಡಿಸೈನ್ ಲೇಯರ್‌ಗೆ Multiply ಹಾಕಿ, ರಿಯಲ್ ಆಗಿ ಕಾಣುತ್ತೆ." Multiply ಅಂದ್ರೆ ಡಿಸೈನ್ ಬಣ್ಣವನ್ನ ಬಟ್ಟೆ ಬಣ್ಣದ ಜೊತೆ ಗುಣಿಸೋದು. ಫಲಿತಾಂಶ ಯಾವತ್ತೂ ಬಟ್ಟೆಗಿಂತ ತಿಳಿಯಾಗಲ್ಲ. ಬಿಳಿ ಹಾಕಿದ್ರೆ ಬಟ್ಟೆ ಬಣ್ಣವೇ ಕಾಣುತ್ತೆ. ಯೋಚಿಸಿ ನೋಡಿ, ಇದು ಸುಳ್ಳಲ್ಲ. ಪಾರದರ್ಶಕ ಶಾಯಿ ನಿಜವಾಗಲೂ ಹೀಗೇ ಇರುತ್ತೆ. ಸಬ್ಲಿಮೇಶನ್ ಪ್ರಿಂಟಲ್ಲಿ ಬಿಳಿ ಶಾಯಿಯೇ ಇಲ್ಲ, ಬಣ್ಣ ಪಾಲಿಯೆಸ್ಟರ್ ದಾರದೊಳಗೆ ಇಳಿಯುತ್ತೆ. ತಿಳಿ ಬಣ್ಣದ ಪಾಲಿಯೆಸ್ಟರ್ ಜೆರ್ಸಿಗೆ Multiply ಹಾಕಿದ ಮಾಕಪ್ ಸತ್ಯ ಹೇಳುತ್ತೆ.

ಆದರೆ ಮರೂನ್ ಹತ್ತಿ ಶರ್ಟ್ ಮೇಲೆ ಬಿಳಿ ವೃತ್ತಕ್ಕೆ Multiply ಹಾಕಿದಾಗ ವೃತ್ತವೇ ಮಾಯ ಆಯ್ತು. ಕಂಪ್ಯೂಟರ್ ನನಗೆ ಆಗಲೇ ಹೇಳಿತ್ತು: "ಇಲ್ಲಿ ತೆಳು ಶಾಯಿ ನಡೆಯಲ್ಲ, ಮುಚ್ಚುವ ಬಿಳಿ ಬೇಕು." ನಾನು ಕೇಳಿಸಿಕೊಳ್ಳಲಿಲ್ಲ. Normal ಮಾಡಿ, Opacity 85ಕ್ಕೆ ಇಳಿಸಿ, ನೆರಳಿನ ಲೇಯರ್ ಮೇಲೆ ಎಳೆದೆ. ಬಟ್ಟೆಯ ನೂಲು ವೃತ್ತದೊಳಗೂ ಕಂಡಿತು. ಹಳೇ ಬ್ಯಾಂಡ್ ಟೀ ಶರ್ಟ್ ಥರ, ತುಂಬಾ ಸಲ ಒಗೆದ ಹಾಗೆ ಮೆತ್ತಗೆ. ಎಲ್ರೂ ದುಡ್ಡು ಕೊಟ್ಟಿದ್ದು ಆ 85ಕ್ಕೆ. ಬಂದಿದ್ದು 100.

ಸ್ಕ್ರೀನ್ ಪ್ರಿಂಟ್ ಆದರೂ ಕಥೆ ಬೇರೆ ಅಲ್ಲ. ಗಾಢ ಬಟ್ಟೆ ಮೇಲೆ ಮೊದಲು ಬಿಳಿ ಪದರ ಹೊಡೆದು, ಒಣಗಿಸಿ, ಅದರ ಮೇಲೆ ಬಣ್ಣ ಹೊಡೀತಾರೆ. ಮಾಕಪ್ ಆ ಬಿಳಿ ಪದರದ ತೂಕ ತೋರಿಸಲ್ಲ.

ನಾನು ಮಾಡಬೇಕಿದ್ದಿದ್ದು ಸರಳ ಇತ್ತು. ತುಂಬು ವೃತ್ತ ಬಿಟ್ಟು ಬರೀ ಅಂಚಿನ ಗೆರೆ ಇಡಬೇಕಿತ್ತು. ಇಲ್ಲಾಂದ್ರೆ ವೃತ್ತವನ್ನ ಚುಕ್ಕಿಗಳಾಗಿ ಒಡೆದು, ನಡುನಡುವೆ ಮರೂನ್ ಬಟ್ಟೆಯೇ ಕಾಣೋ ಹಾಗೆ ಬಿಡಬೇಕಿತ್ತು. ಆಗ ಬಟ್ಟೆ ಬಾಗುತ್ತೆ, ಗಾಳಿ ಆಡುತ್ತೆ, ಹಳೇ ಶರ್ಟಿನ ಲುಕ್ ನಿಜವಾಗಲೂ ಸಿಗುತ್ತೆ.

4/6
ಮಗ್ ಕಥೆ ಕೇಳಿ. ಅಲ್ಲಿ ಮೋಸ ಮಡಿಕೇಲಿಲ್ಲ, ಹೊಳಪಲ್ಲೂ ಇಲ್ಲ, ಅಗಲದಲ್ಲಿದೆ.

ಹೊಳಪಿನ ಬಗ್ಗೆ ಮೊದಲು ನ್ಯಾಯ ಹೇಳ್ಬೇಕು. ಮಗ್ ಮೇಲೆ ಉದ್ದಕ್ಕೆ ಇಳಿಯೋ ಬಿಳಿ ಪಟ್ಟಿ ಕಿಟಕಿಯ ಪ್ರತಿಬಿಂಬ. ಅದು ಡಿಸೈನ್ ಮೇಲೂ ಹಾದು ಹೋಗಬೇಕು. ಸಬ್ಲಿಮೇಶನ್ ಮಗ್ಗಲ್ಲಿ ಬಣ್ಣ ಇಳಿಯೋದು ಮೇಲಿನ ಲೇಪನದ ಒಳಗೆ, ಹಾಗಾಗಿ ಪ್ರಿಂಟ್ ಇದ್ದ ಕಡೆಯೂ ಇಲ್ಲದ ಕಡೆಯೂ ಒಂದೇ ಹೊಳಪು. ಡಿಸೈನ್ ಹತ್ರ ಬಂದ ತಕ್ಷಣ ಹೊಳಪು ಕಟ್ಟಾದ್ರೆ ಯಾರೋ ಅವಸರದಲ್ಲಿ ಚಿತ್ರ ಅಂಟಿಸಿದ್ದಾರೆ ಅಂತಲೇ ಅರ್ಥ.

ಈಗ ಅಗಲ. ಸಾಮಾನ್ಯ ಮಗ್ಗಿನ ವ್ಯಾಸ ಸುಮಾರು 8.2 ಸೆಂ.ಮೀ. ಸುತ್ತಳತೆ 25.8 ಸೆಂ.ಮೀ. ಹಿಡಿಕೆಯ ಜಾಗ ಬಿಟ್ಟು ಪ್ರಿಂಟ್‌ಗೆ ಸಿಗೋದು ಸುಮಾರು 20. ಎದುರಿಂದ ನೋಡಿದ್ರೆ ಅರ್ಧ ಸುತ್ತು, ಅಂದ್ರೆ 13 ಸೆಂ.ಮೀ.ಗಿಂತ ಕಮ್ಮಿನೇ ಕಣ್ಣಿಗೆ ಬೀಳೋದು. ಅದರಲ್ಲೂ ಅಂಚಿನ ಕಡೆ ಹೋದ ಹಾಗೆ ಅಕ್ಷರ ಒತ್ತಿಕೊಳ್ಳುತ್ತೆ. ಮಧ್ಯದಿಂದ 60 ಡಿಗ್ರಿ ಪಕ್ಕಕ್ಕೆ ಇರೋ ಅಕ್ಷರ ಅರ್ಧ ಅಗಲಕ್ಕೆ ಇಳಿದಿರುತ್ತೆ. ಲೆಕ್ಕ ಹಾಕಿದ್ರೆ ಮಧ್ಯದಿಂದ ಅಲ್ಲಿಗೆ 4.3 ಸೆಂ.ಮೀ. ಹಾಗಾಗಿ ಒಂದೇ ನೋಟಕ್ಕೆ ಓದಿಸಬೇಕಾದ ಸಾಲು 8.5 ಸೆಂ.ಮೀ. ಒಳಗೆ ಮುಗೀಬೇಕು.

ನನ್ನ ಜೂನಿಯರ್ ಒಬ್ಬಳು ಅಮ್ಮನ ಹುಟ್ಟುಹಬ್ಬಕ್ಕೆ ಮಗ್ ಮಾಡಿಸಿದ್ಲು. ಮಾಕಪ್ಪಲ್ಲಿ "ಅಮ್ಮ ಅಂದ್ರೆ ಮನೆ" ಅಂತ ಪೂರ್ತಿ ಸಾಲು ನೇರವಾಗಿ ಕಾಣ್ತಿತ್ತು. ಯಾಕಂದ್ರೆ ಅದನ್ನ ಸಿಲಿಂಡರಿಗೆ ಸುತ್ತಿರಲೇ ಇಲ್ಲ, ಚಪ್ಪಟೆಯಾಗಿ ಇಟ್ಟಿದ್ರು. ನಿಜವಾದ ಮಗ್ಗಲ್ಲಿ 16 ಸೆಂ.ಮೀ. ಉದ್ದದ ಸಾಲು. ಎದುರಿಂದ ಓದಿದ್ರೆ "ಅಂದ್ರೆ" ಮಾತ್ರ. ಅಮ್ಮನ್ನೂ ಮನೆಯನ್ನೂ ನೋಡೋಕೆ ಮಗ್ ತಿರುಗಿಸ್ತಾ ಇರಬೇಕು.

5/6
ನೀವು ಏನು ಹೇಳ್ತೀರಾ ಗೊತ್ತು. "ಗುರು, ಹಾಸ್ಟೆಲ್ ರೂಮಿಂದ ಸಣ್ಣದಾಗಿ ಟೋಟ್ ಬ್ಯಾಗ್ ಮಾರೋವ್ರು ನಾವು. ಫೋಟೋಶೂಟ್‌ಗೆ ದುಡ್ಡೆಲ್ಲಿದೆ? ದೊಡ್ಡ ದೊಡ್ಡ ಬ್ರ್ಯಾಂಡ್‌ಗಳೇ ಮಾಕಪ್ ಹಾಕ್ತವೆ."

ಮಾಕಪ್ ಹಾಕಬೇಡಿ ಅಂತ ನಾನು ಹೇಳ್ತಿಲ್ಲ. ನಾಲ್ಕು ಸ್ಕ್ರೀನ್ ಮಾಡಿಸಿ ಒಂದೇ ಸ್ಯಾಂಪಲ್ ಹೊಡೆಸೋದು ದುಬಾರಿ ಅಂತಾನೂ ಒಪ್ತೀನಿ. ಆದರೆ ಡಿಟಿಎಫ್, ಸಬ್ಲಿಮೇಶನ್ ಎರಡಕ್ಕೂ ಸ್ಕ್ರೀನ್ ಬೇಕಿಲ್ಲ, ಒಂದೇ ಪೀಸ್ ಹೊಡೆಸಬಹುದು. 22,400 ರೂಪಾಯಿ ಕೆಲಸಕ್ಕೆ 350ರ ಒಂದು ಶರ್ಟ್ ಮೊದಲೇ ಹೊಡೆಸೋಕೆ ನನಗೆ ಯಾರೂ ಅಡ್ಡ ಬಂದಿರಲಿಲ್ಲ. ನಾನು ದುಡ್ಡು ಉಳಿಸಲಿಲ್ಲ, ಎರಡು ದಿನ ಉಳಿಸಿದೆ ಅಷ್ಟೇ.

ಇನ್ನೊಂದು ವಿಷಯ. ನಾವು ಬಿಕಾಂನವರು, ಸರಕು ಮಾರಾಟ ಕಾಯ್ದೆ 1930 ಬಾಯಿಪಾಠ ಮಾಡಿ ಪಾಸಾದವರು. ಸೆಕ್ಷನ್ 15 ಪ್ರಕಾರ, ವರ್ಣನೆ ಮೇಲೆ ಮಾರಿದ ಸರಕು ಆ ವರ್ಣನೆಗೆ ಹೊಂದಬೇಕು. ಸೆಕ್ಷನ್ 17 ಪ್ರಕಾರ, ಸ್ಯಾಂಪಲ್ ತೋರಿಸಿ ಮಾರಿದ್ರೆ ಪೂರ್ತಿ ಸರಕು ಗುಣದಲ್ಲಿ ಸ್ಯಾಂಪಲ್‌ಗೆ ಹೊಂದಬೇಕು. ಪರೀಕ್ಷೇಲಿ ಅಕ್ಕಿ ಮೂಟೆ ಉದಾಹರಣೆ ಬರೆದು ಐದು ಮಾರ್ಕ್ಸ್ ತಗೊಂಡ್ವಿ. ಮನೆಗೆ ಬಂದು, ಇಲ್ಲದ ಶರ್ಟಿನ ಫೋಟೋ ಹಾಕಿ 64 ಜನರ ಹತ್ರ ಅಡ್ವಾನ್ಸ್ ತಗೊಂಡ್ವಿ. ಸ್ಯಾಂಪಲ್ ಇಲ್ಲದೇನೇ ಸ್ಯಾಂಪಲ್ ತೋರಿಸಿದ ಹಾಗೆ ನಟಿಸೋದಕ್ಕೆ ಬೇರೆ ಹೆಸರು ಏನಿದೆ ಹೇಳಿ?

6/6
ಹಾಗಾದ್ರೆ ಏನು ಮಾಡ್ಬೇಕು?

ಕೊಳ್ಳೋವ್ರು: ಸ್ವೈಪ್ ಮಾಡಿ. ಕಪ್ಪು, ಬಿಳಿ, ನೀಲಿ ಮೂರು ಶರ್ಟಲ್ಲೂ ಅದೇ ಜಾಗದಲ್ಲಿ ಅದೇ ಮಡಿಕೆ ಇದ್ರೆ ಅದು ಒಂದೇ ಖಾಲಿ ಫೋಟೋ. ಹಾಕಿರೋದು ತಪ್ಪಲ್ಲ, ಆದರೆ ಅಲ್ಲಿಗೆ ನಿಲ್ಲಬೇಡಿ. ಎರಡು ಪ್ರಶ್ನೆ ಕೇಳಿ: "ಯಾವ ಪ್ರಿಂಟು? ಎಷ್ಟು ಇಂಚು?" ಎರಡನೇದು ಯಾಕೆ ಅಂದ್ರೆ, ಮಾಕಪ್ ತೋರಿಸೋದು ಒಂದೇ ಸೈಜ್. ನಮ್ಮ 12 ಇಂಚಿನ ವೃತ್ತ S ಹಾಕಿದವರಿಗೆ ಹೆಚ್ಚುಕಮ್ಮಿ ಕಂಕುಳ ಮುಟ್ಟಿತು, XXL ಹಾಕಿದವನಿಗೆ ಎದೆ ಮಧ್ಯೆ ತಟ್ಟೆ ಇಟ್ಟ ಹಾಗಾಯ್ತು.

ಮಾರೋವ್ರು: ಮೊದಲು ಪ್ರಿಂಟ್ ವಿಧಾನ ಗೊತ್ತು ಮಾಡ್ಕೊಳ್ಳಿ, ಆಮೇಲೆ ಮಾಕಪ್ ಮಾಡಿ. ಶಾಯಿ ಬಟ್ಟೆಯೊಳಗೆ ಇಳಿಯೋದಾದ್ರೆ Multiply. ಮೇಲೆ ಕೂರೋದಾದ್ರೆ Normal, Opacity 100, ಡಿಸೈನ್ ಒಳಗಿನ ಸಣ್ಣ ಮಡಿಕೆ ಅಳಿಸಿ. ಬಿಳುಪು ಮಾಡದ ಹತ್ತಿ ಟೋಟ್ ಬ್ಯಾಗಿಗೆ ಬಿಳಿ ಶಾಯಿ ಇಲ್ಲದೆ ಹೊಡೆಸೋದಾದ್ರೆ, ಡಿಸೈನ್‌ನ ಬಿಳಿ ಭಾಗ ಕೆನೆ ಬಣ್ಣವೇ ಆಗುತ್ತೆ. ಮಾಕಪ್ಪಲ್ಲೂ ಹಾಗೇ ಬಿಡಿ. ಚಿತ್ರದ ಮೂಲೇಲಿ "ಮಾಕಪ್" ಅಂತ ಕನ್ನಡದಲ್ಲಿ ಬರೀರಿ. ಕೊನೆ ಸ್ಲೈಡಲ್ಲಿ ಮಹಡಿ ಮೇಲೆ, ಬಿಸಿಲಲ್ಲಿ, ಫೋನಲ್ಲೇ ತೆಗೆದ ನಿಜವಾದ ಒಂದು ಫೋಟೋ ಹಾಕಿ. ಸುಂದರವಾಗಿಲ್ಲದಿದ್ರೂ ಪರವಾಗಿಲ್ಲ.

ನಾನು ಇವತ್ತು ಹಾಕಿರೋ ಎರಡು ಸ್ಲೈಡ್ ನೋಡಿ. ಮೊದಲನೇದು ಅವತ್ತಿನ ಮಾಕಪ್. ಎರಡನೇದು ಅದೇ ಶರ್ಟ್, ಈಗ ನಮ್ಮ ಮನೇಲಿ ಸ್ಕೂಟರ್ ಒರೆಸೋ ಬಟ್ಟೆ. ಹತ್ತಿ ಭಾಗ ನೀರು ಹೀರುತ್ತೆ, ವೃತ್ತ ಹೀರಲ್ಲ.

ನಿಮ್ಮ ಹತ್ರಾನೂ ಇಂಥ ಎರಡು ಫೋಟೋ ಇದ್ರೆ ಅಕ್ಕಪಕ್ಕ ಇಟ್ಟು ಹಾಕಿ, ನನ್ನ ಟ್ಯಾಗ್ ಮಾಡಿ. ಮಾರಿದವರ ಹೆಸರು ಬೇಡ, ಎರಡು ಫೋಟೋ ಸಾಕು.

#ಮಾಕಪ್_ಅಂತ_ಬರೀರಿ #ಯಾವಪ್ರಿಂಟು_ಎಷ್ಟಿಂಚು